ಕೇಸಿನ ಮೊದಲ ಪುಟದಲ್ಲಿ ರೋಗದ ಹೆಸರು ಬೇಡ

ಓದುಗರ ಪತ್ರ: ಮೂರನೇ ವರ್ಷದ ವಿದ್ಯಾರ್ಥಿನಿಯರಿಗೆ ಪ್ರಾಬ್ಲೆಮ್ ಬೇಸ್ಡ್ ಲರ್ನಿಂಗ್ ಮೂಲಕ ಹೆರಿಗೆ ನಂತರದ ರಕ್ತಸ್ರಾವವನ್ನು ಕಲಿಸಲು ಹೊರಟೆ. ‘ಗರ್ಭಕೋಶ ಸಡಿಲವಾಗಿ ಅತಿಯಾದ ರಕ್ತಸ್ರಾವವಾಗುತ್ತಿರುವ ಬಾಣಂತಿ’ ಎಂದು ಕೇಸ್ ಆರಂಭಿಸಿದ್ದೆ. ಹತ್ತು ನಿಮಿಷದಲ್ಲಿ ಚರ್ಚೆ ಮುಗಿಯಿತು. ಪಕ್ಕದ ಗುಂಪಿನಲ್ಲಿ ನನ್ನ ಸಹೋದ್ಯೋಗಿ ಪಾಠವನ್ನೇ ಮಾಡಿಬಿಟ್ಟರು. ಎಲ್ಲಿ ತಪ್ಪಿದೆವು?
– ನರ್ಸಿಂಗ್ ಉಪನ್ಯಾಸಕಿ, ಹಾಸನ

ಸಂಪಾದಕರ ಉತ್ತರ:

ಕೇಸಿನ ಮೊದಲ ಸಾಲಿನಲ್ಲೇ ಉತ್ತರ ಕುಳಿತಿದೆ. ಗರ್ಭಕೋಶ ಸಡಿಲವಾಗಿದೆ ಎಂದು ನೀವೇ ಹೇಳಿದ ಮೇಲೆ ವಿದ್ಯಾರ್ಥಿನಿಯರಿಗೆ ಉಳಿಯುವುದು ಪುಸ್ತಕದಲ್ಲಿರುವ ಉಪಚಾರದ ಪಟ್ಟಿಯನ್ನು ಒಪ್ಪಿಸುವ ಕೆಲಸ ಮಾತ್ರ. ವಾರ್ಡಿನಲ್ಲಿ ಬಾಣಂತಿ ರೋಗದ ಹೆಸರು ಹೇಳಿಕೊಂಡು ಬರುವುದಿಲ್ಲ. ದಾದಿಯ ಕಣ್ಣಿಗೆ ಬೀಳುವುದು ಒಂದು ನಾಡಿ, ಒಂದು ಒದ್ದೆ ಪ್ಯಾಡು, ‘ಬಾಯಾರಿಕೆ’ ಎಂಬ ಒಂದು ಮಾತು. ಕೇಸ್ ಕೂಡ ಅಲ್ಲಿಂದಲೇ ಆರಂಭವಾಗಲಿ.

ನಾನಾಗಿದ್ದರೆ ಮೊದಲ ಪುಟವನ್ನು ಹೀಗೆ ಬರೆಯುತ್ತಿದ್ದೆ: ‘ಸಕಲೇಶಪುರ ಕಡೆಯ ಕಾಫಿ ತೋಟದ ಕಾರ್ಮಿಕ ಮಹಿಳೆ, 26 ವರ್ಷ, ಮೂರನೇ ಹೆರಿಗೆ. ಬೆಳಗಿನ ಜಾವ 2.40ಕ್ಕೆ 3.8 ಕಿಲೋ ತೂಕದ ಮಗು. ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಡಲಾಗಿದೆ. ಮಾಸು ಪೂರ್ತಿ ಬಂದಿದೆ. 2.55ಕ್ಕೆ ನಾಡಿ 88, ಬಿಪಿ 114/74. 3.25ಕ್ಕೆ ನಾಡಿ 112, ಬಿಪಿ 110/76. ಮೂರು ಗಂಟೆಗೆ ಬದಲಿಸಿದ ಪ್ಯಾಡು ಮತ್ತೆ ಒದ್ದೆಯಾಗಿದೆ. ಕೊನೆಯ ಸಲ ಮೂತ್ರ ಮಾಡಿದ್ದು ರಾತ್ರಿ 10ಕ್ಕೆ. ಬಾಣಂತಿ ನೀರು ಕೇಳುತ್ತಿದ್ದಾಳೆ. “ಇಷ್ಟು ಹೋಗೋದು ಇದ್ದದ್ದೇ ಕಣವ್ವ, ಮಲಗಲಿ ಬಿಡು” ಎನ್ನುತ್ತಾರೆ ಅತ್ತೆ. ಸ್ಟಾಫ್ ನರ್ಸ್ ಇನ್ನೊಂದು ಹೆರಿಗೆಯಲ್ಲಿದ್ದಾರೆ; ವಾರ್ಡಿನಲ್ಲಿರುವುದು ನೀವೊಬ್ಬರೇ.’

ಇಲ್ಲಿ ಯಾವ ವಿವರವೂ ಅಲಂಕಾರಕ್ಕೆ ಬಂದಿಲ್ಲ. ಆಕ್ಸಿಟೋಸಿನ್ ಕೊಟ್ಟಿದ್ದಾರೆಂದು ಬರೆಯದಿದ್ದರೆ ಗುಂಪು ‘ಇಂಜೆಕ್ಷನ್ ಬಿಟ್ಟುಹೋಗಿದೆ’ ಎಂಬಲ್ಲಿಗೇ ನಿಂತುಬಿಡುತ್ತದೆ. ಬಿಪಿ ಹೆಚ್ಚುಕಡಿಮೆ ಹಾಗೇ ಇದ್ದು ನಾಡಿ ಏರಿರುವುದು ಕೇಸಿನ ತಿರುಳು: ರಕ್ತ ಹೋಗುತ್ತಿರುವಾಗ ಆರೋಗ್ಯವಂತ ಎಳೆ ದೇಹ ರಕ್ತನಾಳಗಳನ್ನು ಬಿಗಿಮಾಡಿ, ಹೃದಯದ ಬಡಿತವನ್ನು ಹೆಚ್ಚಿಸಿ ಒತ್ತಡವನ್ನು ಬಹಳ ಹೊತ್ತು ಕಾಯ್ದುಕೊಳ್ಳುತ್ತದೆ. ಬಿಪಿ ಇಳಿಯಲೆಂದು ಕಾದು ಕುಳಿತವರು ತಡಮಾಡಿದಂತೆಯೇ. ಮೂತ್ರದ ಸಾಲನ್ನು ಬೇಕೆಂದೇ ಸದ್ದಿಲ್ಲದೆ ಸೇರಿಸಿದ್ದೇನೆ.

ಎರಡನೇ ಪುಟವನ್ನು ಗುಂಪಿನಲ್ಲಿ ಯಾರಾದರೂ ‘ಹೊಟ್ಟೆ ಮುಟ್ಟಿ ನೋಡಬೇಕು’ ಎಂದ ಮೇಲೆಯೇ ಕೊಡಬೇಕು. ಅದರಲ್ಲಿ ಗರ್ಭಕೋಶದ ತುದಿ ಹೊಕ್ಕುಳಿಗಿಂತ ಮೇಲೆ, ಬಲಕ್ಕೆ ಸರಿದು, ಮೆತ್ತಗಿದೆ ಎಂದಷ್ಟೇ ಇರಲಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಪಕ್ಕಕ್ಕೆ ತಳ್ಳಿ ಸಂಕುಚಿಸಲು ಬಿಡುತ್ತಿಲ್ಲ ಎಂಬುದನ್ನು ಅವರೇ ಜೋಡಿಸಿಕೊಳ್ಳಲಿ. ಮೂರನೇ ಪುಟದಲ್ಲಿ ಸಹಾಯಕ್ಕೆ ಕೂಗಿ, ಗರ್ಭಕೋಶವನ್ನು ನೀವಿ, ಕ್ಯಾತಿಟರ್‌ನಿಂದ ಮೂತ್ರ ತೆಗೆದ ಮೇಲೆ ಅದು ಗಟ್ಟಿಯಾಗಿದೆ. ಆದರೆ ಒದ್ದೆ ಪ್ಯಾಡುಗಳ ತೂಕದಿಂದ ಒಣ ಪ್ಯಾಡುಗಳ ತೂಕ ಕಳೆದಾಗ 620 ಗ್ರಾಂ ಉಳಿದಿದೆ. ಒಂದು ಗ್ರಾಮಿಗೆ ಸುಮಾರು ಒಂದು ಮಿಲಿಲೀಟರ್ ಎಂದು ಹಿಡಿದರೆ ಹೆರಿಗೆ ನಂತರದ ರಕ್ತಸ್ರಾವ, ಅಂದರೆ ಪಿಪಿಎಚ್, ಎನ್ನುವ 500 ಮಿಲಿಲೀಟರ್ ಗಡಿ ದಾಟಿದೆ. ವೈದ್ಯರಿಗೆ ಫೋನಿನಲ್ಲಿ ಏನನ್ನು ಮೊದಲು ಹೇಳಬೇಕೆಂಬ ಪ್ರಶ್ನೆ ಇಲ್ಲಿ ಬರಲಿ.

ನಿಮ್ಮ ಸಹೋದ್ಯೋಗಿಯನ್ನು ನಾನು ದೂರುವುದಿಲ್ಲ. ಗುಂಪು ಮೌನವಾದಾಗ ಏನು ಮಾಡಬೇಕೆಂದು ಬರೆದುಕೊಡದಿದ್ದರೆ ಯಾವ ಅಧ್ಯಾಪಕರೂ ಪಾಠಕ್ಕೇ ಇಳಿಯುತ್ತಾರೆ. ಕೇಸಿನ ಜೊತೆ ಅಧ್ಯಾಪಕರ ಕೈಗೆ ಬರೆದುಕೊಡುವ ಮಾರ್ಗದರ್ಶಿ ಎಂದರೆ ವಿಷಯದ ಟಿಪ್ಪಣಿಯಲ್ಲ. ಪ್ರತಿ ಪುಟಕ್ಕೂ ಗುಂಪು ಹಿಡಿಯಬಹುದಾದ ಅಡ್ಡದಾರಿಯನ್ನೂ ಆಗ ಕೇಳಬೇಕಾದ ಪ್ರಶ್ನೆಯನ್ನೂ ಅದು ಹೇಳಬೇಕು. ಮೊದಲ ಪುಟದಲ್ಲಿ ಯಾರಾದರೂ ‘ಬಿಪಿ ಸರಿಯಿದೆ, ನಾಡಿ ನೋವಿಗೆ ಏರಿದೆ’ ಎಂದು ಹೇಳಿಯೇ ಹೇಳುತ್ತಾರೆ. ಆಗ ‘ತಪ್ಪು’ ಎನ್ನಬಾರದು. ‘2.55ರ ಅಂಕಿಗಳನ್ನು 3.25ರವುಗಳ ಪಕ್ಕ ಬರೆಯಿರಿ. ನೋವೇ ಕಾರಣವಾಗಿದ್ದರೆ ಮತ್ತೇನು ಕಾಣಿಸಬೇಕಿತ್ತು?’ ಎಂದು ಕೇಳಿ ಸುಮ್ಮನಿರಬೇಕು. ಆ ಮೌನ ಒಂದು ನಿಮಿಷ ಎಳೆದರೂ ಎಳೆಯಲಿ. ಯಾರೂ ಹೊಟ್ಟೆ ಮುಟ್ಟುವ ಮಾತೆತ್ತದಿದ್ದರೆ ‘ಹಾಸಿಗೆಯ ಪಕ್ಕ ನಿಂತಿದ್ದೀರಿ, ಕೈ ಎಲ್ಲಿಗೆ ಹೋಗುತ್ತದೆ?’ ಎಂಬುದು ಸಾಕು.

ಮಧ್ಯೆ ಬಾಯಿ ಹಾಕಲೇಬೇಕಾದ ಜಾಗವೂ ಒಂದಿದೆ, ಅದನ್ನು ಮಾರ್ಗದರ್ಶಿಯಲ್ಲಿ ಕೆಂಪು ಶಾಯಿಯಲ್ಲೇ ಬರೆಯಿರಿ. ವೈದ್ಯರು ಬರುವವರೆಗೆ ಗರ್ಭಕೋಶವನ್ನು ನೀವಬಾರದು ಎಂಬಂಥ ಅಪಾಯಕಾರಿ ತೀರ್ಮಾನ, ವಿದ್ಯಾರ್ಥಿನಿಯರು ಓದಿಕೊಂಡು ಬಂದ ಎರಡನೇ ಬೈಠಕ್ಕಿನಲ್ಲೂ ಉಳಿದಿದ್ದರೆ ಅಧ್ಯಾಪಕರು ನೇರವಾಗಿ ತಿದ್ದಬೇಕು.

ಎರಡನೇ ಬೈಠಕ್ ಇಲ್ಲದೆ ಈ ಪದ್ಧತಿಯೇ ಇಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಇದು ಆರಂಭವಾದಾಗಿನಿಂದಲೂ ಸಣ್ಣ ಗುಂಪು ಮತ್ತು ಸ್ವಂತ ಓದು ಇದರ ಬೆನ್ನೆಲುಬು. ಎಂಟು ಹತ್ತು ಜನರ ಗುಂಪು ಮಾಡಿ, ಮೊದಲ ದಿನ ಪ್ರಶ್ನೆಗಳನ್ನು ಮಾತ್ರ ಹುಟ್ಟಿಸಿ, ಎರಡು ಮೂರು ದಿನ ಬಿಟ್ಟು ಮತ್ತೆ ಕೂರಿಸಿ. ಅಷ್ಟು ಅಧ್ಯಾಪಕರಿಲ್ಲದ ಕಾಲೇಜಿನಲ್ಲಿ ಒಬ್ಬರೇ ಗುಂಪಿನಿಂದ ಗುಂಪಿಗೆ ಓಡಾಡಬೇಕಾಗುತ್ತದೆ. ಆಗ ಪುಟಗಳನ್ನು ಸರಿಯಾದ ಹೊತ್ತಿಗೆ ಕೊಡುವುದು ಕಷ್ಟ, ಒಂದು ಗುಂಪಿನ ಉತ್ತರ ಪಕ್ಕದ ಬೆಂಚಿಗೆ ಹಾರುವುದೂ ಖಚಿತ.

ಕೇಸ್ ಕೆಲಸ ಮಾಡಿತೇ ಎಂದು ತಿಳಿಯಲು ಮೊದಲ ದಿನದ ಕೊನೆಗೆ ಬೋರ್ಡಿನಲ್ಲಿರುವ ಕಲಿಕೆಯ ಪ್ರಶ್ನೆಗಳನ್ನು ನೋಡಿ. ‘ಪಿಪಿಎಚ್ ಬಗ್ಗೆ ಓದುವುದು’ ಎಂದಿದ್ದರೆ ಅದು ಅಧ್ಯಾಯದ ಹೆಸರು. ಗುಂಪು ಇನ್ನೂ ಆ ಹಾಸಿಗೆಯ ಹತ್ತಿರ ಹೋಗಿಲ್ಲ. ‘ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಏಕೆ ಗಟ್ಟಿಯಾಗುವುದಿಲ್ಲ?’ ಎಂದು ಬರೆದಿದ್ದರೆ ಆ ಪ್ರಶ್ನೆಯನ್ನು ನಿಮ್ಮ ಮಾರ್ಗದರ್ಶಿಯ ಉದ್ದೇಶಗಳೊಡನೆ ಹೋಲಿಸಿ. ಮಾರ್ಗದರ್ಶಿಯಲ್ಲಿದ್ದೂ ಯಾವ ಗುಂಪಿನ ಬೋರ್ಡಿನಲ್ಲೂ ಕಾಣದ ಉದ್ದೇಶವಿದ್ದರೆ ಅದಕ್ಕೆ ಸುಳಿವು ಕೊಡುವ ಸಾಲು ಕೇಸಿನಲ್ಲಿಲ್ಲವೆಂದು ತಿಳಿದು, ಮುಂದಿನ ತಂಡಕ್ಕೆ ಕೊಡುವ ಮೊದಲು ಆ ಪುಟವನ್ನು ತಿದ್ದಿ.