ಪದ ಬಳಸದೆ ಸಲ್ಲುವ ಕೃತಜ್ಞತೆ, ಕ್ಷಮೆ

ಪ್ರಶ್ನೆ: ಆಪ್ತರ ನಡುವೆ ಕನ್ನಡಿಗರು ‘ಧನ್ಯವಾದ’, ‘ಕ್ಷಮಿಸಿ’ ಎಂದು ಹೇಳುವುದು ಅಪರೂಪ ಏಕೆ?

ಆ ಭಾವವನ್ನು ಬಹುಮಟ್ಟಿಗೆ ಕ್ರಿಯಾಪದದ ರೂಪವೇ ತಿಳಿಸಿಬಿಡುವುದರಿಂದ ಬೇರೆ ಪದದ ಅಗತ್ಯ ಬೀಳುವುದಿಲ್ಲ. ನೆರೆಯವರೊಬ್ಬರು ನಿಮ್ಮ ಅರ್ಜಿಯನ್ನು ಬರೆದರು ಎನ್ನೋಣ. ‘ಬರೆದರು’ ಎಂದರೆ ನಡೆದದ್ದನ್ನಷ್ಟೇ ಹೇಳಿದಂತೆ. ‘ಕೊಡು’ ಸೇರಿಸಿ ‘ಬರೆದುಕೊಟ್ಟರು’ ಎಂದಾಗ ಆ ಕೆಲಸ ನನ್ನ ಸಲುವಾಗಿ ಆಯಿತೆಂಬ ಒಪ್ಪಿಗೆಯೂ ಅದರಲ್ಲಿರುತ್ತದೆ. ಆದ್ದರಿಂದ ‘ನೀವು ಬರೆದುಕೊಟ್ಟಿರಿ, ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ’ ಎಂದವರು ಕೃತಜ್ಞತೆಯನ್ನು ಪೂರ್ತಿಯಾಗಿ ಹೇಳಿದ್ದಾರೆ.

ಕ್ಷಮೆಯಲ್ಲಿ ಇಂಥದೇ ಕೆಲಸವನ್ನು ‘ಬಿಡು’ ಮಾಡುತ್ತದೆ. ‘ಪುಸ್ತಕ ತರಲು ಮರೆತೆ’ ಎಂಬುದು ಬರಿಯ ವರದಿಯಾಗಿ ಕೇಳಿಸಬಹುದು. ‘ಅಯ್ಯೋ, ಮರೆತೇಬಿಟ್ಟೆ’ ಎಂದರೆ ಆದದ್ದನ್ನು ಹಿಂದಕ್ಕೆ ತರಲಾಗದೆಂಬ ಪರಿತಾಪ ದನಿಯಲ್ಲಿಯೇ ತಿಳಿಯುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು: ಅದೇ ರೂಪ ಎದುರಿನವರಿಗೆ ಅನ್ವಯವಾಗಿ ‘ನೀವು ಮರೆತೇಬಿಟ್ಟಿರಿ’ ಎಂದಾದರೆ ಆಕ್ಷೇಪಣೆಯಾಗುತ್ತದೆ. ತಪ್ಪು ದೊಡ್ಡದಾಗಿದ್ದಾಗ ‘ಬಿಡು’ ಸಾಲದು. ಆಗ ‘ನನ್ನಿಂದ ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಬಿಡಿಸಿ ಹೇಳುವುದೇ ಸರಿ.

ಆಪ್ತರಿಗೆ ‘ಧನ್ಯವಾದಗಳು’ ಎಂದರೆ ಲೆಕ್ಕ ಚುಕ್ತಾ ಮಾಡಿದಂತೆ ಕೇಳಿಸಬಹುದು, ಕೆಲವರಿಗೆ ಅದು ನೋವನ್ನೂ ತರುತ್ತದೆ. ಅಪರಿಚಿತರೊಂದಿಗೆ, ವೇದಿಕೆಯ ಮೇಲೆ, ಪತ್ರದಲ್ಲಿ ಈ ಪದಗಳು ಸಹಜವಾಗಿಯೇ ಬರುತ್ತವೆ. ದಿನಬಳಕೆಯ ಮಾತಿನಲ್ಲಿ ಅವುಗಳ ಜಾಗಕ್ಕೆ ಹೆಚ್ಚಾಗಿ ‘ಥ್ಯಾಂಕ್ಸ್’, ‘ಸಾರಿ’ ಬಂದಿವೆ.