ಬ್ರಾಂಡ್ ಹೆಸರು ಬೈಗುಳವಾಗಿ ಕೇಳಿಸಿದರೆ

ಪ್ರಶ್ನೆ: ಸರಕು ಅಂಗಡಿಗೆ ಹೋದ ಮೇಲೆ ನಮ್ಮ ಬ್ರಾಂಡ್ ಹೆಸರಿಗೆ ಒಂದು ಕಡೆಯ ಆಡುಮಾತಲ್ಲಿ ಅಸಹ್ಯ ಅರ್ಥ ಇದೆ ಅಂತ ಗೊತ್ತಾಯ್ತು. ಈಗೇನು ಮಾಡೋದು?

ಉತ್ತರ: ಹೆಸರು ಬದಲಿಸಿ. ಒಂದಕ್ಷರ ತಿದ್ದಿದರೆ ಸಾಲದು, ಕಿವಿಗೆ ಹಳೆಯದೇ ಕೇಳುತ್ತದೆ.

ಕೆನಡಾದ ಆಲ್ಬರ್ಟಾದ ಒಂದು ಬಿಯರ್ ಕಂಪನಿ ‘ಗರಿ’ ಅನ್ನೋ ಅರ್ಥದಲ್ಲಿ ತನ್ನ ಒಂದು ಬಿಯರ್‌ಗೆ ‘ಹುರುಹುರು’ ಅಂತ ಹೆಸರಿಟ್ಟಿತ್ತು. ಅದು ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೋರಿ ಜನರ ಪದ. ಅರ್ಥ ತಪ್ಪಲ್ಲ. ಆದರೆ ಮಾವೋರಿ ಜನಕ್ಕೆ ಅದು ಮೊದಲು ನೆನಪಿಸೋದು ಗುಪ್ತಾಂಗದ ಕೂದಲನ್ನು. 2020ರಲ್ಲಿ ಮಾವೋರಿ ವ್ಯಕ್ತಿಯೊಬ್ಬರು ಇದನ್ನು ಎತ್ತಿ ತೋರಿಸಿದರು. ಕಂಪನಿ ವಾದಕ್ಕಿಳಿಯದೆ ಕ್ಷಮೆ ಕೇಳಿ, ಹೆಸರು ಬದಲಿಸುವುದಾಗಿ ಹೇಳಿತು. ಅದೇ ಸರಿಯಾದ ದಾರಿ ಅಂತ ನನಗನಿಸುತ್ತದೆ.

ಮೊದಲು ಲೇಬಲ್ ಮುದ್ರಣ ನಿಲ್ಲಿಸಿ. ಆ ಮಾತಾಡುವ ಊರುಗಳ ಅಂಗಡಿಗಳಿಂದ ಸರಕು ವಾಪಸ್ ತರಿಸಿ. ಹೊಸ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹೊಸದಾಗಿಯೇ ಹಾಕಬೇಕು. ನೋಂದಾಯಿಸಿದ ಗುರುತಿನಲ್ಲಿ ಅಷ್ಟು ದೊಡ್ಡ ತಿದ್ದುಪಡಿಗೆ ನಮ್ಮ ಕಾನೂನು ಬಿಡುವುದಿಲ್ಲ. ಬಾರ್‌ಕೋಡ್ ಸಂಖ್ಯೆಯನ್ನೂ ಬದಲಿಸಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಪ್ಯಾಕೆಟ್ ಮೇಲೆ ಕೆಲವು ತಿಂಗಳು ಹಳೆಯ ಬಣ್ಣ, ಚಿತ್ರ ಹಾಗೇ ಇರಲಿ, ಗಿರಾಕಿ ಗುರುತು ಹಿಡಿಯುತ್ತಾರೆ. ‘ಹಿಂದಿನ ಹೆಸರು ಇದು’ ಅಂತ ಮಾತ್ರ ಅಚ್ಚು ಹಾಕಬೇಡಿ.

ಹೊಸ ಹೆಸರನ್ನು ಬರೆದು ತೋರಿಸುವ ಬದಲು ಅಲ್ಲಿನ ಜನರ ಮುಂದೆ ಜೋರಾಗಿ ಹೇಳಿ. ಯಾರಾದರೂ ಬಾಯಿ ಮುಚ್ಚಿಕೊಂಡು ನಕ್ಕರೆ ಆ ಹೆಸರು ಬೇಡ.