ಗಡಗಡೆ ತಿರುಗಬೇಕಾ, ಬೇಡವಾ?

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಅಜ್ಜಿಮನೆ ಬಗ್ಗೆ ನಮ್ಮಮ್ಮ ಒಂದು ಕವಿತೆ ಬರೆದಿದ್ದಾರೆ.

ಹೊಳೆ ಬಂದು ಬಾಗಿಲು ಬಡಿಯಿತು,
ಅಜ್ಜಿ ಗಡಗಡೆ ಬಿಚ್ಚಿಕೊಂಡಳು.
ಹೊಸ ಮನೆಯಲ್ಲಿ ನಲ್ಲಿ ಇದೆ,
ಬಾವಿ ಇಲ್ಲ.
ಮಳೆಗಾಲದ ರಾತ್ರಿ ಅಟ್ಟದ ಮೇಲೆ
ಗಡಗಡೆ ತಾನೇ ತಿರುಗುತ್ತದೆ.

ಹಿನ್ನೀರು, ಒಣಗಿದ ಮರದ ಬೊಡ್ಡೆಗಳು, ಬಾವಿ, ಮಳೆ ಎಲ್ಲ ಶೂಟ್ ಮಾಡಿ, ಅಮ್ಮನ ಧ್ವನಿಯಲ್ಲೇ ಕವಿತೆ ಓದಿಸಿ ಐದು ನಿಮಿಷದ ಕಿರುಚಿತ್ರ ಮಾಡಿದೆ. ನೋಡಿದವರು ‘ಫೋಟೋ ಆಲ್ಬಂ ತರ ಇದೆ’ ಅಂತಾರೆ. ಓದು ತೆಗೆದರೆ ಏನೂ ಅರ್ಥ ಆಗಲ್ಲ. ಎಲ್ಲಿ ತಪ್ಪಿದ್ದೇನೆ?
– ಸಾಗರದ ಓದುಗ

ಉತ್ತರ: ಅಮ್ಮ ‘ಬಾವಿ’ ಅಂದಾಗ ನೀವು ಬಾವಿ ತೋರಿಸಿದ್ದೀರಿ, ‘ಮಳೆ’ ಅಂದಾಗ ಮಳೆ. ಕಿವಿಗೆ ಬಿದ್ದದ್ದೇ ಕಣ್ಣಿಗೂ ಬಿದ್ದರೆ ನೋಡುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಈ ತಪ್ಪು ನಾನೂ ಮಾಡಿದ್ದೇನೆ. ವರ್ಷಗಳ ಹಿಂದೆ ಶಿವಮೊಗ್ಗದ ಒಂದು ಸಭಾಂಗಣದಲ್ಲಿ ನನ್ನ ಚಿತ್ರ ಹಾಕಿದಾಗ ಸ್ಪೀಕರ್ ಕೈಕೊಟ್ಟಿತು. ಓದು ಕೇಳಿಸಲೇ ಇಲ್ಲ, ಬರೀ ದೃಶ್ಯ ಓಡಿತು. ಮುಗಿದ ಮೇಲೆ ಹಿರಿಯರೊಬ್ಬರು ಬಂದು, ‘ಚೆನ್ನಾಗಿದೆ ಮಾರಾಯ್ರೇ, ಇದು ಯಾವ ರೆಸಾರ್ಟಿನ ಜಾಹೀರಾತು?’ ಎಂದು ಕೇಳಿದರು. ಮೇಲಿನಿಂದ ಹಿನ್ನೀರು ತೋರಿಸಿದ್ದಕ್ಕೆ ಸಿಕ್ಕ ಬಹುಮಾನ ಅದು.

ನಿಮ್ಮ ಕವಿತೆಯಲ್ಲಿ ಕಾಣುವ ವಸ್ತುಗಳು ಸುಮಾರಿವೆ. ಆದರೆ ಮೊದಲಿನಿಂದ ಕೊನೆವರೆಗೆ ಬದಲಾಗುತ್ತಾ ಹೋಗುವುದು ಒಂದೇ, ಗಡಗಡೆ. ಮೊದಲು ಅದಕ್ಕೆ ಕೆಲಸ ಇತ್ತು. ಆಮೇಲೆ ಅಜ್ಜಿ ಅದನ್ನು ಬಿಚ್ಚಿಕೊಂಡು ಬಂದಳು. ಹೊಸ ಮನೆಯಲ್ಲಿ ಅದಕ್ಕೆ ಕೆಲಸ ಇಲ್ಲ. ಇಷ್ಟೇ ನಿಮ್ಮ ಕತೆ. ಉಳಿದದ್ದನ್ನು ಇದಕ್ಕೆ ಬೇಕಾದಷ್ಟೇ ಇಟ್ಟುಕೊಳ್ಳಿ. ಕವಿತೆ ಓದುವವರಿಗೆ ‘ಗಡಗಡೆ’ ಅಂದರೆ ಸಾಕು, ಬಾವಿಕಟ್ಟೆ, ಹಗ್ಗ, ಕೊಡ ಎಲ್ಲ ಜೊತೆಗೇ ಬರುತ್ತವೆ. ತೆರೆಯ ಮೇಲೆ ಹಾಗಲ್ಲ. ಅದು ಕೆಲಸ ಮಾಡುವುದನ್ನು ಮೊದಲು ನೋಡಿರದಿದ್ದರೆ, ಅಟ್ಟದ ಮೇಲೆ ಬಿದ್ದದ್ದು ಬರೀ ಮರದ ಚಕ್ರ. ನಿಮ್ಮ ಚಿತ್ರದಲ್ಲಿ ಆಗಿರುವುದು ಬಹುಶಃ ಇದೇ.

ಹಾಗಾಗಿ ಕಪ್ಪು ತೆರೆಯಿಂದ ಶುರು ಮಾಡಿ. ಹತ್ತು ಸೆಕೆಂಡು ಬರೀ ಶಬ್ದ: ಕಿರ್ರ್... ಕಿರ್ರ್... ಎಳೆಯುವಾಗ ಒಂದು, ಕೈ ಬದಲಿಸುವಾಗ ಸಣ್ಣ ನಿಲುಗಡೆ. ಆಮೇಲೆ ಹತ್ತಿರದಿಂದ ಗಡಗಡೆ, ಅದರ ಮೇಲೆ ಓಡುವ ಹಗ್ಗ, ಒಂದಾದ ಮೇಲೊಂದು ಹಗ್ಗ ಹಿಡಿಯುವ ಎರಡು ಕೈ. ಮುಖ ಬೇಡ. ಹಳೇ ಮರದ ಗಡಗಡೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಒಂದು ಕಡೆ ಜಾಸ್ತಿ ಸವೆದಿರುತ್ತದೆ, ನೋಡಿದ್ದೀರಲ್ವಾ? ಆ ಸವೆತ ಸ್ಪಷ್ಟವಾಗಿ ಕಾಣಲಿ. ಎಷ್ಟು ವರ್ಷ ಈ ಮನೆಯಲ್ಲಿದ್ದರು ಅಂತ ಅದೇ ಹೇಳುತ್ತದೆ. ಆಮೇಲೆ ಅದೇ ಕೈ ಕಬ್ಬಿಣದ ಸರಳನ್ನು ಎಳೆದು ಗಡಗಡೆ ಬಿಚ್ಚಲಿ, ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳಲಿ. ಅಜ್ಜಿ ಹೊರಟ ಮೇಲೂ ಕ್ಯಾಮೆರಾ ಅಲ್ಲೇ ಇರಲಿ. ಎರಡು ಕಂಬ, ಮಧ್ಯೆ ಖಾಲಿ. ಎಂಟು ಸೆಕೆಂಡು ಇಡಿ. ಎಡಿಟ್ ಮಾಡುವಾಗ ಉದ್ದ ಆಯ್ತು ಅನಿಸುತ್ತದೆ, ಕತ್ತರಿಸಬೇಡಿ.

ಇನ್ನು ಕಷ್ಟದ ಸಾಲು: ‘ಹೊಳೆ ಬಂದು ಬಾಗಿಲು ಬಡಿಯಿತು’. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಶರಾವತಿ ನೀರು ಅಂಗಳಕ್ಕೆ ಬಂದದ್ದನ್ನು ಈಗ ಶೂಟ್ ಮಾಡಲು ಆಗುವುದಿಲ್ಲ. ಅದಕ್ಕೇ ಎಲ್ಲರೂ ಬೇಸಿಗೆಯಲ್ಲಿ ನೀರು ಇಳಿದಾಗ ಏಳುವ ಬೊಡ್ಡೆಗಳ ಮೇಲೆ ಡ್ರೋನ್ ಹಾರಿಸುತ್ತಾರೆ. ನೋಡಲು ಭಾರೀ ಚಂದ. ಆದರೆ ಅಜ್ಜಿ ಯಾವತ್ತೂ ಆಕಾಶದಿಂದ ತನ್ನ ಊರು ನೋಡಿದವಳಲ್ಲ. ಮತ್ತೆ, ಬೊಡ್ಡೆ ತೋರಿಸುವುದು ನೀರು ಇಳಿದದ್ದನ್ನು. ನಿಮಗೆ ಬೇಕಾದದ್ದು ನೀರು ಏರಿದ್ದು.

ಅದು ನಿಮ್ಮ ಕವಿತೆಯಲ್ಲೇ ಇದೆ, ಮೂರನೇ ಸಾಲಿನಲ್ಲಿ. ನಲ್ಲಿ! ಹೊಸ ಮನೆಯ ನಲ್ಲಿ ಕೆಳಗೆ ಒಂದು ಕೊಡ. ಕ್ಯಾಮೆರಾವನ್ನು ಕೊಡದ ಬಾಯಿಯ ಮಟ್ಟಕ್ಕೆ ಇಳಿಸಿ, ಅಲುಗಿಸಬೇಡಿ. ನೀರು ಕೊರಳವರೆಗೆ ಬರುತ್ತದೆ, ಅಂಚಿಗೆ ಬರುತ್ತದೆ, ಒಂದು ಕ್ಷಣ ಉಬ್ಬಿ ನಿಲ್ಲುತ್ತದೆ, ಚೆಲ್ಲುತ್ತದೆ. ಪಕ್ಕದಲ್ಲೇ ನಿಂತಿರುವ ಅಜ್ಜಿಯ ಕೈ ನಲ್ಲಿ ನಿಲ್ಲಿಸುವುದಿಲ್ಲ. ನೀರು ಹರಿದು ಹೊಸಿಲಿಗೆ ಹೋಗಿ ಬಾಗಿಲಿನ ಬುಡಕ್ಕೆ ತಾಗಲಿ. ಇಡೀ ದೃಶ್ಯ ಅರ್ಧ ನಿಮಿಷ. ಈಗ ಹೊಳೆ ಬಾಗಿಲಿಗೆ ಬಂತಲ್ವಾ? ಮೊದಲ ಸಾಲೂ ಮೂರನೇ ಸಾಲೂ ಒಂದೇ ಶಾಟ್‌ನಲ್ಲಿ ಮುಗಿದವು. ಸಾಲಿನ ಕ್ರಮ ತಪ್ಪಿತು ಅಂತ ಅಮ್ಮ ಬೇಜಾರು ಮಾಡಿಕೊಂಡರೆ ಮೊದಲೇ ಮಾತಾಡಿಕೊಳ್ಳಿ.

ಆದರೆ ಈ ಶಾಟ್ ಖಾಲಿ ಕಂಬಗಳಾದ ಮೇಲೆಯೇ ಬರಬೇಕು. ಮೊದಲೇ ಬಂದರೆ, ಯಾರೋ ನಲ್ಲಿ ನಿಲ್ಲಿಸಲು ಮರೆತಿದ್ದಾರೆ ಅಷ್ಟೇ. ಸುಮಾರು 100 ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ ಒಮ್ಮೆ, ಶವಪೆಟ್ಟಿಗೆಯ ಪಕ್ಕ ಒಮ್ಮೆ ಜೋಡಿಸಿ ತೋರಿಸಿದ್ದ. ನೋಡಿದವರಿಗೆ ಅದೇ ಮುಖ ಒಮ್ಮೆ ಹಸಿದಂತೆ, ಒಮ್ಮೆ ದುಃಖದಲ್ಲಿದ್ದಂತೆ ಕಂಡಿತಂತೆ. ನಿಮ್ಮ ಕೊಡವೂ ಹಾಗೆಯೇ. ಹಿಂದೆ ಏನಿದೆ ಅನ್ನುವುದರ ಮೇಲೆ ಅದರ ಅರ್ಥ ನಿಂತಿದೆ.

ಕೊನೆಯ ಸಾಲಿಗೆ ಬರೋಣ. ನೀವು ಗಡಗಡೆಗೆ ದಾರ ಕಟ್ಟಿ ತಿರುಗಿಸಿರಬೇಕು, ನಾನೂ ಮೊದಲು ಅದನ್ನೇ ಮಾಡುತ್ತಿದ್ದೆ. ಕಾಗದದ ಮೇಲೆ ‘ತಾನೇ ತಿರುಗುತ್ತದೆ’ ಅಂದರೆ ನೆನಪು. ತೆರೆಯ ಮೇಲೆ, ಅದೂ ಮಳೆ ರಾತ್ರಿ, ಅಟ್ಟದಲ್ಲಿ ತಿರುಗಿದರೆ ಭೂತ. ಹುಡುಗರು ಕೂಗುತ್ತಾರೆ. ಅದರ ಬದಲು ಅಜ್ಜಿ ಮಲಗಿರಲಿ, ಕಣ್ಣು ತೆರೆದಿರಲಿ. ಹಂಚಿನ ಮೇಲೆ ಮಳೆ. ಅದರೊಳಗಿಂದ ನಿಧಾನಕ್ಕೆ ಮೊದಲಿನ ಅದೇ ಕಿರ್ರ್... ಕಿರ್ರ್... ಕಂಬಳಿಯ ಅಂಚನ್ನು ಅಜ್ಜಿಯ ಬೆರಳು ಒಂದು ಕೈ ಆದ ಮೇಲೆ ಇನ್ನೊಂದು ಕೈಯಲ್ಲಿ ಹಿಡಿಯಲಿ, ಹಗ್ಗ ಹಿಡಿದಂತೆ. ಆಮೇಲೆ ಅಟ್ಟ. ಶಬ್ದ ನಡೆಯುತ್ತಲೇ ಇರಲಿ, ಗಡಗಡೆ ಮಾತ್ರ ಅಲ್ಲಾಡದೆ ಬಿದ್ದಿರಲಿ, ಮೇಲೆ ಧೂಳು. ಎಲ್ಲ ಸೇರಿ ಎರಡೂವರೆ ನಿಮಿಷ ಆಗುತ್ತದೆ. ಐದು ನಿಮಿಷಕ್ಕೆ ಎಳೆಯಬೇಡಿ.

ಅಮ್ಮನ ಓದು ಪೂರ್ತಿ ತೆಗೆಯಿರಿ. ಆದರೆ ಅಣೆಕಟ್ಟೆಯಿಂದ ಊರು ಮುಳುಗಿತು ಎಂಬ ಸಂಗತಿಯನ್ನು ಯಾವ ಕೊಡವೂ ಹೇಳಲಾರದು. ಸಾಗರದಲ್ಲಿ ತೋರಿಸಿದರೆ ಹೇಳುವುದೇ ಬೇಡ. ಬೆಂಗಳೂರಿನಲ್ಲಿ ತೋರಿಸುವುದಾದರೆ ಶುರುವಿಗೆ ‘ಶರಾವತಿ ಕಣಿವೆ, 1964’ ಅಂತ ಒಂದು ಸಾಲು ಹಾಕಿ, ಸಾಕು.

ಆಮೇಲೆ ಕವಿತೆ ಓದದ ಒಬ್ಬರಿಗೆ ತೋರಿಸಿ. ‘ಅರ್ಥ ಆಯ್ತಾ’ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ‘ಏನು ನೋಡಿದ್ರಿ, ಹೇಳಿ’ ಅನ್ನಿ. ‘ಅಜ್ಜಿಗೆ ನಿದ್ದೆ ಬರಲ್ಲ, ಹಳೇ ಬಾವಿ ಕೇಳಿಸ್ತಾ ಇದೆ’ ಅಂದರೆ ಗೆದ್ದಿರಿ. ‘ಅಜ್ಜಿಗೆ ಮರೆವು, ನಲ್ಲಿ ನಿಲ್ಲಿಸಲಿಲ್ಲ’ ಅಂದರೆ ಖಾಲಿ ಕಂಬದ ಶಾಟ್ ಸಾಕಾಗಿಲ್ಲ. ಅಲ್ಲಿಗೇ ವಾಪಸ್ ಹೋಗಿ.

ಶೂಟಿಂಗಿಗೆ ಎರಡು ಮಾತು. ಮಳೆ ಕ್ಯಾಮೆರಾಕ್ಕೆ ಸುಮ್ನೆ ಕಾಣುವುದಿಲ್ಲ. ಬೆಳಕು ಮಳೆಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕತ್ತಲಾಗಿರಬೇಕು. ಸೂರಂಚಿನ ಹನಿಗಳ ಆಚೆ ಅಡಿಕೆ ತೋಟದ ಕತ್ತಲು ಇದ್ದರೆ ಒಳ್ಳೆಯದು. ತಗಡಿನ ಮಾಡಿನ ಕೆಳಗೆ ಮಳೆ ರೆಕಾರ್ಡ್ ಮಾಡಬೇಡಿ, ಆ ಅಬ್ಬರದಲ್ಲಿ ಗಡಗಡೆಯ ಸದ್ದು ಮುಳುಗಿಹೋಗುತ್ತದೆ. ಹಂಚಿನ ಮನೆ ಹುಡುಕಿ. ಗಡಗಡೆಯ ಶಬ್ದವನ್ನು ಮಳೆ ಇಲ್ಲದ ದಿನ, ಮೊಬೈಲನ್ನು ಒಂದು ಮೊಳ ದೂರದಲ್ಲಿಟ್ಟು ಬೇರೆಯಾಗಿ ತೆಗೆದುಕೊಳ್ಳಿ. ಮತ್ತೆ, ಗಡಗಡೆ ಕೊಟ್ಟ ಮನೆಯವರಿಗೆ ಮೊದಲೇ ಹೇಳಿಡಿ, ಶೂಟಿಂಗ್ ಅಂತ ಅದಕ್ಕೆ ಎಣ್ಣೆ ಹಾಕಿಬಿಡುತ್ತಾರೆ.